ಹಳೇ ಸೋಫಾಗೆ ಬೆಲೆ ಇಳಿಸಿ ಅಂತ ಮೆಸೇಜ್ ಬರೆಯುವುದು ಹೇಗೆ

ಆನ್‌ಲೈನ್‌ನಲ್ಲಿ ಸೋಫಾ ಮಾರಾಟಕ್ಕೆ ಹಾಕಿದವರಿಗೆ ಬರುವ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಎರಡೇ ಥರದವು. ಒಂದು, "ಲಾಸ್ಟ್ ಎಷ್ಟು?" ಇನ್ನೊಂದು, "ಹತ್ತಕ್ಕೆ ಕೊಡ್ತೀರಾ?" ಇಂಥ ಮೆಸೇಜಿಗೆ ಸರಿಯಾದ ಉತ್ತರ ಬರುವುದಿಲ್ಲ. ಕೇಳಿದವರು ಸೋಫಾ ನೋಡಿಲ್ಲ, ಬರುತ್ತಾರೋ ಇಲ್ಲವೋ ಗೊತ್ತಿಲ್ಲ. ಈಗ ಎರಡು ಸಾವಿರ ಬಿಟ್ಟರೆ ಮನೆಗೆ ಬಂದಾಗ ಇನ್ನೆರಡು ಸಾವಿರ ಬಿಡಬೇಕಾಗುತ್ತದೆ ಎಂದು ಮಾರುವವರಿಗೆ ಗೊತ್ತು. ಹಾಗಾಗಿ "ಫಿಕ್ಸೆಡ್" ಎಂದು ಬರೆದು ಸುಮ್ಮನಾಗುತ್ತಾರೆ.

ಬೆಲೆಯ ಮಾತು ಎತ್ತಬೇಕಾದ್ದು ಸೋಫಾ ನೋಡಿ ಬಂದ ಮೇಲೆ, ಅದೂ ಬರಹದಲ್ಲಿ. ಅವರ ಹಜಾರದಲ್ಲೇ ನಿಂತು, ಮನೆಯವರೆಲ್ಲರ ಮುಂದೆ "ಇಲ್ಲಿ ಕುಸಿದಿದೆ, ಅಲ್ಲಿ ಅಲ್ಲಾಡುತ್ತದೆ" ಎಂದರೆ ಯಾರಿಗಾದರೂ ಮುಜುಗರವಾಗುತ್ತದೆ, ಹಟವೂ ಬರುತ್ತದೆ. ಮೆಸೇಜ್ ಆದರೆ ಗಂಡ ಹೆಂಡತಿ ಕೂತು ಓದಿ, ಆ ಸೀಟನ್ನು ತಾವೇ ಒಮ್ಮೆ ಒತ್ತಿ ನೋಡಿ, ಮಾತಾಡಿಕೊಂಡು ಉತ್ತರ ಕೊಡುತ್ತಾರೆ.

ಇಲ್ಲಿ ತುಮಕೂರಿನ ಒಂದು ಉದಾಹರಣೆ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ಮಾರುವವರು ಬಟವಾಡಿಯಲ್ಲಿದ್ದಾರೆ, ಕೊಳ್ಳುವವರು ಕ್ಯಾತ್ಸಂದ್ರದಲ್ಲಿ. ಜಾಹೀರಾತಿನಲ್ಲಿ ಇದ್ದದ್ದು: "3+1+1 ಬಟ್ಟೆ ಸೋಫಾ, 5 ವರ್ಷ ಹಳೆಯದು, ಒಳ್ಳೇ ಕಂಡೀಷನ್, 16,000 ರೂ." ಮುಂದೆ ಬರುವ ರೂಪಾಯಿ ಲೆಕ್ಕವೆಲ್ಲ ಈ ಉದಾಹರಣೆಯದು. ನಿಮ್ಮ ಸೋಫಾಗೆ ನಿಮ್ಮ ಬಡಾವಣೆಯ ಕುಶನ್ ಅಂಗಡಿಯವರು ಹೇಳುವ ದರವೇ ಲೆಕ್ಕ.

ಮೊದಲ ಮೆಸೇಜ್: ಬೆಲೆ ಬೇಡ, ಅಳತೆ ಕೇಳಿ

> ನಮಸ್ಕಾರ ಮೇಡಂ. ನಿಮ್ಮ 3+1+1 ಸೋಫಾ ಜಾಹೀರಾತು ನೋಡಿದೆ. ನಾವು ಕ್ಯಾತ್ಸಂದ್ರದಲ್ಲಿದ್ದೇವೆ. ಮೂರು ಸೀಟಿನದ್ದರ ಉದ್ದ, ಎತ್ತರ ಮತ್ತು ಹಿಂದೆಮುಂದೆ ಅಳತೆ ಎಷ್ಟಿದೆ ತಿಳಿಸಬಹುದಾ? ಕೊಂಡ ಮೇಲೆ ಫೋಮ್ ಅಥವಾ ಬಟ್ಟೆ ಬದಲಾಯಿಸಿದ್ದೀರಾ? ಮನೆ ಯಾವ ಮಹಡಿಯಲ್ಲಿದೆ? ಸೀಟಿನ ಒಂದು ಹತ್ತಿರದ ಫೋಟೋ ಕಳಿಸಿದರೆ ಅನುಕೂಲ. ಭಾನುವಾರ ಸಂಜೆ 5ಕ್ಕೆ ಬಂದು ನೋಡಬಹುದಾ?

ಅಳತೆ ಕೇಳುವುದಕ್ಕೆ ನಿಜವಾದ ಕಾರಣವಿದೆ. ಬಾಗಿಲಲ್ಲಿ ದೊಡ್ಡ ಸೋಫಾ ಒಳಗೆ ಹೋಗುವುದು ಅಡ್ಡ ಮಲಗಿಸಿದಾಗ. ಅದರ ಎತ್ತರ ಮತ್ತು ಹಿಂದೆಮುಂದೆ ಅಳತೆ, ಇವೆರಡರಲ್ಲಿ ಚಿಕ್ಕದು ಯಾವುದೋ ಅದು ನಿಮ್ಮ ಬಾಗಿಲಿನ ಒಳಗಲಕ್ಕಿಂತ ಕಡಿಮೆ ಇರಬೇಕು. ಚೌಕಟ್ಟಿನ ಒಳಗಲ 30 ಇಂಚು ಇದ್ದು ಸೋಫಾದ ಎರಡೂ ಅಳತೆ 33 ಇಂಚಿನ ಮೇಲಿದ್ದರೆ, ಕಾಲು ಬಿಚ್ಚಲು ಬರುತ್ತದೆಯೇ ಎಂದು ಕೇಳಬೇಕು. ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡಿ, ಚೌಕಾಸಿಯ ಶ್ರಮವೇ ಬೇಡ.

ಸಂಬೋಧನೆಯ ಬಗ್ಗೆ ಒಂದು ಮಾತು. ಮುಖ ನೋಡುವ ಮುಂಚೆ "ಸರ್" ಅಥವಾ "ಮೇಡಂ" ಸಾಕು. ಭೇಟಿಯಾದ ಮೇಲೆ ಅವರು ಸಲಿಗೆಯಿಂದ ಮಾತಾಡಿಸಿದ್ದರೆ "ಅಣ್ಣ", "ಅಕ್ಕ" ಆಗಬಹುದು. ಮೊದಲ ಸಾಲಿಗೇ "ಬ್ರೋ" ಎಂದರೆ ಹಿರಿಯರಿಗೆ ಹಿಡಿಸುವುದಿಲ್ಲ. "ಹೇಳು", "ಕಳಿಸು" ಎಂಬ ಏಕವಚನವಂತೂ ಬೇಡವೇ ಬೇಡ.

ನೋಡಲು ಹೋದಾಗ: ಮೆಸೇಜಿಗೆ ಬೇಕಾದ ಕಾರಣ ಸಿಗುವುದು ಇಲ್ಲಿ

ಒಂದು ಅಳತೆ ಟೇಪು, ಒಂದು ನೇರವಾದ ಕೋಲು ಅಥವಾ ಉದ್ದ ಸ್ಕೇಲು ತೆಗೆದುಕೊಂಡು ಹೋಗಿ. ಮುಟ್ಟುವ ಮುಂಚೆ "ಸ್ವಲ್ಪ ಎತ್ತಿ ನೋಡಬಹುದಾ?" ಎಂದು ಕೇಳಿ.

ಮೊದಲು ಚೌಕಟ್ಟು. ದೊಡ್ಡ ಸೋಫಾದ ಮುಂದಿನ ಒಂದು ಮೂಲೆಯನ್ನು ಆರು ಇಂಚಿನಷ್ಟು ಎತ್ತಿ. ಅಷ್ಟರಲ್ಲಿ ಮುಂದಿನ ಇನ್ನೊಂದು ಕಾಲೂ ನೆಲ ಬಿಟ್ಟು ಏಳಬೇಕು. ಅದು ನೆಲದಲ್ಲೇ ಇದ್ದರೆ ಮರ ತಿರುಚುತ್ತಿದೆ, ಜೋಡಣೆ ಸಡಿಲವಾಗಿದೆ ಎಂದರ್ಥ. ಚೌಕಟ್ಟು ಸೋತ ಸೋಫಾಗೆ ಬೆಲೆ ಇಳಿಸಿ ಕೊಂಡರೂ ಲಾಭವಿಲ್ಲ. ಜೋಡಣೆ ಬಿಗಿ ಮಾಡಲು ಬಟ್ಟೆಯನ್ನೆಲ್ಲ ಬಿಚ್ಚಬೇಕು, ಆ ಖರ್ಚಿಗೆ ಮಿತಿಯಿಲ್ಲ.

ಆಮೇಲೆ ಸೀಟು. ಪ್ರತಿ ಸೀಟಿನಲ್ಲೂ ಕೂತು ನೋಡಿ, ಬಾಗಿಲ ಕಡೆಯ ಅಥವಾ ಟಿವಿ ಎದುರಿನ ಸೀಟು ಮಿಕ್ಕವಕ್ಕಿಂತ ಹೆಚ್ಚು ಕುಸಿದಿರುತ್ತದೆ. ಸೀಟಿನ ಮೇಲೆ ಅಡ್ಡಲಾಗಿ ಕೋಲಿಟ್ಟು ಮಧ್ಯದಲ್ಲಿ ಎಷ್ಟು ಇಂಚು ಹಳ್ಳ ಬಿದ್ದಿದೆ ಎಂದು ಅಳೆಯಿರಿ. ಅರ್ಧ ಇಂಚು ಬಳಕೆಯ ಸವೆತ, ಅದಕ್ಕೆ ಮಾತಾಡಬೇಡಿ. ಒಂದು ಇಂಚು ದಾಟಿದರೆ ಫೋಮ್ ಸತ್ತಿದೆ, ಇಲ್ಲವೇ ಕೆಳಗಿನ ಪಟ್ಟಿ ಸಡಿಲವಾಗಿದೆ. ಯಾವುದು ಎಂದು ತಿಳಿಯಲು ಕುಶನ್ ತೆಗೆದು ನೆಲದ ಮೇಲಿಟ್ಟು ಒತ್ತಿ. ನೆಲದ ಮೇಲೂ ಹಳ್ಳ ಹಾಗೇ ಇದ್ದರೆ ತಪ್ಪು ಫೋಮಿನದ್ದು. ಅಲ್ಲಿ ಸಮವಾಗಿ ನಿಂತರೆ ತಪ್ಪು ಪಟ್ಟಿಯದ್ದು ಅಥವಾ ಸ್ಪ್ರಿಂಗಿನದ್ದು.

ಕೆಳಭಾಗ ನೋಡದೆ ಬರಬೇಡಿ. ಸೋಫಾ ಹಿಂದಕ್ಕೆ ವಾಲಿಸಿದರೆ ಅಡಿಯಲ್ಲಿ ತೆಳು ಕಪ್ಪು ಬಟ್ಟೆ ಕಾಣುತ್ತದೆ. ಅದರ ಅಂಚಿನಲ್ಲಿ ಮಣ್ಣಿನ ಸಣ್ಣ ಗೆರೆ ಇದ್ದರೆ ಗೆದ್ದಲು. ನೆಲದ ಮೇಲೆ ಹಿಟ್ಟಿನಂಥ ಮರದ ಪುಡಿ, ಮರದಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೆ ಮರ ಕೊರೆಯುವ ಹುಳು. ಹೊಲಿಗೆಯ ಸಂದಿಯಲ್ಲಿ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಸಾಲಾಗಿದ್ದರೆ ತಿಗಣೆ. ಈ ಮೂರರಲ್ಲಿ ಯಾವುದು ಕಂಡರೂ ಬೆಲೆಯ ಮಾತೇ ಬೇಡ, "ನೋಡಿ ತಿಳಿಸ್ತೀವಿ" ಎಂದು ಹೊರಡಿ. ಅರ್ಧ ಬೆಲೆಗೆ ಬಂತು ಅಂತ ತಿಗಣೆ ತಂದರೆ ಮಂಚಕ್ಕೂ ಹಬ್ಬುತ್ತದೆ.

ರೆಕ್ಸಿನ್ ಸೋಫಾ ಆದರೆ ಇನ್ನೊಂದು ವಿಷಯ. ಮೇಲ್ಪದರ ಒಮ್ಮೆ ಸಿಪ್ಪೆ ಏಳಲು ಶುರುವಾದರೆ ಅಂಟು, ಪಾಲಿಶ್ ಯಾವುದೂ ನಿಲ್ಲಿಸುವುದಿಲ್ಲ, ಪೂರ್ತಿ ಹೊದಿಕೆ ಬದಲಾಯಿಸಬೇಕು. 3+1+1 ಸೆಟ್ಟಿಗೆ ಸುಮಾರು 12ರಿಂದ 15 ಮೀಟರ್ ಬಟ್ಟೆ ಬೇಕು, ಹೊಲಿಗೆ ಕೂಲಿ ಬೇರೆ. ಅಂಥ ಸೋಫಾ ಕೊಳ್ಳುವುದೆಂದರೆ ಬರೀ ಮರದ ಚೌಕಟ್ಟು ಕೊಳ್ಳುವುದು. ಆ ಲೆಕ್ಕಕ್ಕೆ ಮಾರುವವರು ಒಪ್ಪುವುದು ಅಪರೂಪ.

ನಮ್ಮ ಉದಾಹರಣೆಯ ಬಟವಾಡಿ ಸೋಫಾದಲ್ಲಿ ಕಂಡದ್ದು ಇಷ್ಟು. ಚೌಕಟ್ಟು ಗಟ್ಟಿ, ಹುಳು ಇಲ್ಲ. ದೊಡ್ಡ ಸೋಫಾದ ಮಧ್ಯದ ಮತ್ತು ಬಲಗಡೆ ಸೀಟು ಒಂದೂವರೆ ಇಂಚು ಕುಸಿದಿವೆ. ಆ ಎರಡು ಸೀಟಿನ ಕೆಳಗಿನ ಪಟ್ಟಿಯೂ ಜೋತಿದೆ. ಬಲಗೈ ಅಲ್ಲಾಡುತ್ತದೆ. ಕಿಟಕಿ ಪಕ್ಕದ ಒಂಟಿ ಸೋಫಾದ ಬಣ್ಣ ಬಿಸಿಲಿಗೆ ಮಾಸಿದೆ. ಕುಸಿದ ಸೀಟಿನ ಫೋಟೋ ತೆಗೆಯುವಾಗಲೂ ಅನುಮತಿ ಕೇಳಿ: "ರಿಪೇರಿಯವರಿಗೆ ತೋರಿಸೋಕೆ ಒಂದು ಫೋಟೋ ತಗೊಳ್ಳಲಾ?" ಈ ಒಂದು ಮಾತಿನಿಂದಲೇ, ಮುಂದೆ ಏನು ಬರುತ್ತದೆ ಎಂಬ ಸುಳಿವು ಅವರಿಗೆ ಸಿಕ್ಕಿರುತ್ತದೆ.

ಮೆಸೇಜಿಗೆ ಮುಂಚೆ ಲೆಕ್ಕ

ಫೋಟೋ, ಅಳತೆ ಹಿಡಿದು ಕುಶನ್ ಅಂಗಡಿಗೆ ಹೋಗಿ. "ಸೋಫಾ ರಿಪೇರಿಗೆ ಎಷ್ಟಾಗುತ್ತೆ" ಎಂದು ಒಟ್ಟಾಗಿ ಕೇಳಬೇಡಿ, ಕೆಲಸ ಬಿಡಿಸಿ ಹೇಳಿ. ಉದಾಹರಣೆಯಲ್ಲಿ 22×22 ಇಂಚಿನ, 4 ಇಂಚು ದಪ್ಪದ, 40 ಡೆನ್ಸಿಟಿ ಫೋಮ್ ಎರಡು ಸೀಟಿಗೆ ತಲಾ 1,000 ರೂ., ಎರಡು ಸೀಟಿನ ಪಟ್ಟಿ ಬದಲಾಯಿಸಲು 600, ಕೈ ಬಿಗಿ ಮಾಡಲು 400. ಒಟ್ಟು 3,000 ರೂ.

(ಡೆನ್ಸಿಟಿ 40 ಎಂದರೆ ಒಂದು ಘನ ಮೀಟರ್ ಫೋಮ್ 40 ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ಮೇಲಿನ ಅಳತೆಯ ಒಂದು ತುಂಡು ಒಂದೂಕಾಲು ಕೆಜಿ ಇರಬೇಕು. 900 ಗ್ರಾಂ ಆಸುಪಾಸು ತೂಗಿದರೆ ನಿಮಗೆ ಕೊಟ್ಟದ್ದು 28ರದ್ದು. ರಿಪೇರಿ ಮಾಡಿಸುವ ದಿನ ಈ ತೂಕ ನೆನಪಿಗೆ ಬರಲಿ.)

ಲಗೇಜ್ ಗಾಡಿ ಮತ್ತು ಎತ್ತಿಡಲು ಇಬ್ಬರ ಕೂಲಿ ಸೇರಿ 1,200 ರೂ. ಈಗ ನಿಮ್ಮ ಮಿತಿ ಎಷ್ಟು ಎಂದು ಹಿಂದಿನಿಂದ ಲೆಕ್ಕ ಹಾಕಿ. ಎಲ್ಲ ಸೇರಿ 18,500ಕ್ಕಿಂತ ಹೆಚ್ಚು ಹಾಕಬಾರದು ಎಂದಿದ್ದರೆ, ಅದರಲ್ಲಿ ರಿಪೇರಿ 3,000, ಸಾಗಣೆ 1,200 ಕಳೆದರೆ 14,300 ಉಳಿಯುತ್ತದೆ. ಅಂದರೆ ಮಾರುವವರ ಕೈಗೆ ನೀವು ಕೊಡಬಹುದಾದ ಗರಿಷ್ಠ ಮೊತ್ತ 14,000 ಅಂತಿಟ್ಟುಕೊಳ್ಳಿ. ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ, ಯಾರಿಗೂ ಹೇಳಬೇಡಿ.

ಯಾವ ಕಾರಣ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ತುಂಬ ಜನ ಎಡವುವುದು ಇಲ್ಲೇ. ಕಂಡ ದೋಷವನ್ನೆಲ್ಲ ಪಟ್ಟಿ ಮಾಡಿ ಕಳಿಸುತ್ತಾರೆ. ಆದರೆ ಜಾಹೀರಾತಿನ ಬೆಲೆಯಲ್ಲಿ ಕೆಲವು ದೋಷಗಳಿಗೆ ಆಗಲೇ ಕಡಿತವಾಗಿರುತ್ತದೆ. "5 ವರ್ಷ ಹಳೆಯದು" ಎಂದು ಅವರೇ ಬರೆದಿದ್ದಾರೆ, ಹಾಗಾಗಿ "ಹಳೆಯದು" ಎಂಬುದು ನಿಮ್ಮ ಕಾರಣವಾಗುವುದಿಲ್ಲ. ಮಾಸಿದ ಬಣ್ಣ ಅವರು ಹಾಕಿದ ಫೋಟೋದಲ್ಲೇ ಕಾಣುತ್ತಿತ್ತು, ಅದನ್ನು ಒಪ್ಪಿಕೊಂಡೇ ನೀವು ನೋಡಲು ಹೋದದ್ದು. ಜಾಹೀರಾತಿನಲ್ಲಿ ಕಾಣದೆ, ಹೋಗಿ ನೋಡಿದಾಗ ಮಾತ್ರ ಗೊತ್ತಾದ ದೋಷಕ್ಕಷ್ಟೇ ಹಣ ಕೇಳಲು ಬರುತ್ತದೆ. ಇಲ್ಲಿ ಅದು ಕುಸಿದ ಸೀಟು, ಜೋತ ಪಟ್ಟಿ, ಅಲ್ಲಾಡುವ ಕೈ. ಮೂರೇ.

ಗಾಡಿ ಬಾಡಿಗೆಯನ್ನೂ ಬೆಲೆಯಲ್ಲಿ ಕಳೆಯಿರಿ ಎನ್ನಬೇಡಿ. ನೀವು ಕ್ಯಾತ್ಸಂದ್ರದಲ್ಲಿರುವುದು ಅವರ ತಪ್ಪಲ್ಲ. ಅದನ್ನು "ಸಾಗಣೆ ನಾವೇ ನೋಡಿಕೊಳ್ಳುತ್ತೇವೆ" ಎಂದು ತಿರುಗಿಸಿ ಬರೆದರೆ ಅದೇ ಖರ್ಚು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. "ನಮ್ಮ ಬಜೆಟ್ ಇಷ್ಟೇ", "ಮನೆ ಕಟ್ಟಿಸಿ ಕೈ ಖಾಲಿ" ಎಂಬುದೂ ಬೇಡ. ನಿಮ್ಮ ಬಜೆಟ್ಟಿನಿಂದ ಅವರ ಸೋಫಾದ ಬೆಲೆ ಬದಲಾಗುವುದಿಲ್ಲ. ಬೇರೊಂದು ಜಾಹೀರಾತಿನಲ್ಲಿ 11,000ಕ್ಕೆ ಸಿಗುತ್ತಿದೆ ಎಂದರೆ "ಅದನ್ನೇ ತಗೊಳ್ಳಿ" ಎನ್ನುತ್ತಾರೆ, ನ್ಯಾಯವಾಗಿಯೇ.

ದೋಷದ ಜೊತೆಗೆ ಕೆಲಸಕ್ಕೆ ಬರುವ ಇನ್ನೊಂದು ಕಾರಣ ದಿನಾಂಕ. ವರ್ಗವಾಗಿಯೋ ಬಾಡಿಗೆ ಮನೆ ಬಿಡುವುದಕ್ಕೋ ಮಾರುತ್ತಿದ್ದರೆ ತಿಂಗಳ ಕೊನೆಯೊಳಗೆ ಜಾಗ ಖಾಲಿಯಾಗಬೇಕು. ಹೊಸ ಸೋಫಾ ಬರುವ ದಿನ ಗೊತ್ತಾಗಿದ್ದರೆ ಹಳೆಯದು ಅದಕ್ಕೆ ಮುಂಚೆ ಹೊರಗೆ ಹೋಗಬೇಕು. ನೋಡಲು ಹೋದಾಗ "ಯಾವಾಗ ಖಾಲಿ ಮಾಡಬೇಕು ನಿಮಗೆ?" ಎಂದು ಸಹಜವಾಗಿ ಕೇಳಿ. ಅವರಿಗೆ ಬೇಕಾದ ದಿನಕ್ಕೆ ನೀವು ಬಂದು ಒಯ್ಯುವಂತಿದ್ದರೆ ಅದಕ್ಕೆ ಒಂದು ಬೆಲೆಯಿದೆ. ದಿನ ಗೊತ್ತು ಮಾಡುವ ಮುಂಚೆ ಕ್ಯಾಲೆಂಡರ್ ನೋಡಿ. ಮಂಗಳವಾರ ಅಥವಾ ಅಮಾವಾಸ್ಯೆ ಬಂದರೆ ಮನೆಯಿಂದ ಸಾಮಾನು ಕಳಿಸಲು ಒಪ್ಪದವರಿದ್ದಾರೆ, ಆಮೇಲೆ ದಿನ ಬದಲಾಯಿಸಿದರೆ ಗಾಡಿಯವರಿಗೆ ಮತ್ತೆ ಹೇಳಬೇಕಾಗುತ್ತದೆ.

ಬೆಲೆ ಕೇಳುವ ಮೆಸೇಜ್

ನೋಡಿ ಬಂದ ಮರುದಿನ, ಹಗಲಲ್ಲಿ ಅಥವಾ ಸಂಜೆ ಕಳಿಸಿ. ಅದೇ ರಾತ್ರಿ ಕಳಿಸಿದರೆ ರಿಪೇರಿಯವರನ್ನು ಕೇಳಿದ್ದೀರಿ ಎಂಬುದನ್ನು ನಂಬುವುದು ಕಷ್ಟ. ನಾಲ್ಕು ದಿನ ಬಿಟ್ಟರೆ ಬೇರೆಯವರು ಒಯ್ದಿರುತ್ತಾರೆ.

> ನಮಸ್ಕಾರ ಮೇಡಂ. ನಿನ್ನೆ ಸಂಜೆ ಸೋಫಾ ನೋಡಲು ಕ್ಯಾತ್ಸಂದ್ರದಿಂದ ಬಂದಿದ್ದೆವು. ಸಮಯ ಕೊಟ್ಟು ಎಲ್ಲ ತೋರಿಸಿದ್ದಕ್ಕೆ ಧನ್ಯವಾದ. ಸೋಫಾ ನಮಗೆ ಇಷ್ಟವಾಗಿದೆ. ಮರ ಗಟ್ಟಿಯಿದೆ, ಚೆನ್ನಾಗಿ ಇಟ್ಟುಕೊಂಡಿದ್ದೀರಿ.
>
> ಒಂದು ವಿಷಯ ಕೇಳಬೇಕಿತ್ತು. ದೊಡ್ಡ ಸೋಫಾದಲ್ಲಿ ಮಧ್ಯದ ಮತ್ತು ಬಲಗಡೆ ಸೀಟು ಒಂದೂವರೆ ಇಂಚಿನಷ್ಟು ಕುಸಿದಿವೆ, ಕೆಳಗಿನ ಪಟ್ಟಿಯೂ ಸಡಿಲವಾಗಿದೆ, ಬಲಗೈ ಸ್ವಲ್ಪ ಅಲ್ಲಾಡುತ್ತಿದೆ. ಕುಶನ್ ಅಂಗಡಿಯಲ್ಲಿ ವಿಚಾರಿಸಿದೆ. ಎರಡು ಸೀಟಿನ ಫೋಮಿಗೆ 2,000, ಪಟ್ಟಿಗೆ 600, ಕೈ ಬಿಗಿ ಮಾಡಲು 400, ಒಟ್ಟು 3,000 ರೂ. ಆಗುತ್ತದೆ ಎಂದರು.
>
> ಆ ಖರ್ಚನ್ನು ಗಮನದಲ್ಲಿಟ್ಟುಕೊಂಡು 13,000 ರೂ.ಗೆ ಕೊಡಲು ಆಗುತ್ತದಾ? ಒಪ್ಪಿಗೆಯಾದರೆ ನೀವು ಹೇಳಿದಂತೆ ಶನಿವಾರದೊಳಗೆ ನಾವೇ ಗಾಡಿ, ಆಳು ತಂದು ಒಯ್ಯುತ್ತೇವೆ. ಪೂರ್ತಿ ಹಣ ಅಲ್ಲೇ ಕೊಡುತ್ತೇವೆ. ಮನೆಯಲ್ಲಿ ಮಾತಾಡಿ ನಿಧಾನಕ್ಕೆ ತಿಳಿಸಿ.

ಈ ಮೆಸೇಜಿನಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಹೊಗಳಿಕೆ ಬರೀ "ಸೂಪರ್" ಅಲ್ಲ, ನೋಡಿದ ಒಂದು ನಿಜವಾದ ಗುಣ. ಅದನ್ನು ಮೊದಲು ಹೇಳಿದರೆ ಆಮೇಲಿನ ದೂರನ್ನು ಅವರು ನಂಬುತ್ತಾರೆ. ಆದರೆ "ಇದೇ ಬೇಕು, ಎಲ್ಲೂ ಇಂಥದ್ದು ಸಿಕ್ಕಿಲ್ಲ" ಎಂದು ಬರೆದರೆ ಬೆಲೆ ಇಳಿಯುವ ಬಾಗಿಲನ್ನು ನೀವೇ ಮುಚ್ಚಿದ ಹಾಗೆ.

ಎರಡನೆಯದು, ದೋಷ ಹೇಳಿದ ರೀತಿ. "ನೀವು ಒಳ್ಳೇ ಕಂಡೀಷನ್ ಅಂದಿದ್ದಿರಿ, ಹಾಗಿಲ್ಲ" ಎಂದರೆ ಸುಳ್ಳು ಹೇಳಿದಿರಿ ಎಂದಂತೆ. "ಸೀಟು ಕುಸಿದಿವೆ" ಎಂದರೆ ತಪ್ಪು ಸೀಟಿನದ್ದು, ಮನುಷ್ಯರದ್ದಲ್ಲ. ಯಾವ ಸೀಟು, ಎಷ್ಟು ಇಂಚು ಎಂದು ಬರೆದಿರುವುದರಿಂದ ಅವರು ಎದ್ದು ಹೋಗಿ ನೋಡಿಕೊಳ್ಳಬಹುದು.

ಮೂರನೆಯದು ಮೊತ್ತ. 3,000 ಖರ್ಚು ತೋರಿಸಿ 10,000ಕ್ಕೆ ಕೇಳಿದರೆ ಉಳಿದ ಮೂರು ಸಾವಿರ ಎಲ್ಲಿಂದ ಬಂತು ಎಂಬ ಪ್ರಶ್ನೆ ಏಳುತ್ತದೆ, ಆಗ ನಿಜವಾದ ಲೆಕ್ಕವೂ ನೆಪದಂತೆ ಕಾಣುತ್ತದೆ. ಕಾರಣ ಎಲ್ಲಿಯವರೆಗೆ ತಲುಪುತ್ತದೋ ಕೇಳುವ ಬೆಲೆಯೂ ಅಲ್ಲಿಗೇ ನಿಲ್ಲಬೇಕು. "12ರಿಂದ 14ರೊಳಗೆ" ಎಂದು ಎರಡು ಅಂಕಿ ಬರೆಯಬೇಡಿ, ಅವರ ಕಣ್ಣಿಗೆ ಕಾಣುವುದು 14 ಮಾತ್ರ.

ಉತ್ತರ ಬಂದ ಮೇಲೆ

ಹೆಚ್ಚಾಗಿ ಬರುವ ಉತ್ತರ: "13 ಆಗಲ್ಲ, 15ಕ್ಕೆ ಕೊಡ್ತೀವಿ." ಒಂದು ಸಾವಿರ ಬಿಟ್ಟಿದ್ದಾರೆ, ಅದಕ್ಕೆ ಮೊದಲು ಧನ್ಯವಾದ ಹೇಳಬೇಕು. ಅಲ್ಲಿಂದ ಸರಿಯಾಗಿ ಮಧ್ಯಕ್ಕೆ ಬಂದರೆ ನಿಮ್ಮ ಚೀಟಿಯ ಅಂಕಿಯೇ ಸಿಗುತ್ತದೆ.

> ಒಂದು ಸಾವಿರ ಬಿಟ್ಟಿದ್ದಕ್ಕೆ ಧನ್ಯವಾದ ಮೇಡಂ. ರಿಪೇರಿ ಖರ್ಚಿನಲ್ಲಿ ಒಂದು ಸಾವಿರ ನಾವೇ ಹೊರುತ್ತೇವೆ, 14,000ಕ್ಕೆ ಮುಗಿಸೋಣವಾ? ಆಗಬಹುದು ಅಂದರೆ ಈಗಲೇ ಶನಿವಾರಕ್ಕೆ ಗಾಡಿ ಹೇಳುತ್ತೇನೆ.

"ನೀವೂ ಬೇಡ, ನಾವೂ ಬೇಡ, ಮಧ್ಯ ಮಾಡಿ" ಎಂಬುದು ಸಂತೆಯಲ್ಲಿ ನಡೆಯುತ್ತದೆ. ಇಲ್ಲಿ ಖರ್ಚು ಹಂಚಿಕೊಳ್ಳುವ ಮಾತಾಗಿ ಬಂದರೆ ಹೆಚ್ಚು ಹಿಡಿಸುತ್ತದೆ.

"16ಕ್ಕೆ ಕಡಿಮೆ ಇಲ್ಲ" ಎಂದರೆ ಒತ್ತಾಯ ಬೇಡ. ದಿನಕ್ಕೆ ಮೂರು ಸಲ "ಏನಾಯ್ತು ಮೇಡಂ?" ಎಂದು ಕೇಳಿದರೆ ನಂಬರ್ ಬ್ಲಾಕ್ ಆಗುತ್ತದೆ. "ಸರಿ ಮೇಡಂ, ನಿಮ್ಮ ಮಾತು ಅರ್ಥವಾಯಿತು. ಮುಂದೆ ಮನಸ್ಸು ಬದಲಾದರೆ 14,000ವರೆಗೆ ನಾವು ಸಿದ್ಧ, ಒಂದು ಮೆಸೇಜ್ ಹಾಕಿ" ಎಂದು ಬರೆದು ಬಿಡಿ. ಇಲ್ಲಿ ಮಿತಿಯನ್ನು ಹೇಳಿಬಿಟ್ಟರೂ ನಷ್ಟವಿಲ್ಲ, ಏಕೆಂದರೆ ಮಾತು ಅಲ್ಲಿಗೆ ನಿಂತಿದೆ. ಮನೆ ಖಾಲಿ ಮಾಡುವ ದಿನ ಹತ್ತಿರ ಬಂದಾಗ ಅವರಿಗೆ ನೆನಪಾಗುವುದು ಹೀಗೆ ಗೌರವದಿಂದ ಹಿಂದೆ ಸರಿದವರೇ.

ಎರಡು ದಿನ ಉತ್ತರವೇ ಬಾರದಿದ್ದರೆ ಒಂದೇ ಒಂದು ಸಲ ನೆನಪಿಸಬಹುದು. ಆಗ ಬೆಲೆ ಏರಿಸಬೇಡಿ. ಮೌನಕ್ಕೇ ಐನೂರು ಕೊಟ್ಟ ಹಾಗಾಗುತ್ತದೆ.

ಒಪ್ಪಿಗೆ ಮತ್ತು ಮುಂಗಡ

ಫೋನಿನಲ್ಲಿ ಒಪ್ಪಿದರೂ ಬರಹದಲ್ಲಿ ಒಮ್ಮೆ ಹಾಕಿ: "14,000ಕ್ಕೆ ಮಾತಾಯಿತು. ಮೂರು ಸೀಟಿನದ್ದು ಒಂದು, ಒಂಟಿ ಎರಡು, ಕುಶನ್ ಎಲ್ಲ ಸೇರಿ. ಟೀಪಾಯಿ ಇದರಲ್ಲಿಲ್ಲ. ಶನಿವಾರ ಬೆಳಗ್ಗೆ 10ಕ್ಕೆ ಬರುತ್ತೇವೆ." ಟೀಪಾಯಿ, ಕುಶನ್ ಕವರ್ ವಿಷಯದಲ್ಲಿ ಕೊನೇ ಗಳಿಗೆಯಲ್ಲಿ ಜಗಳವಾಗುವುದು ಸಾಮಾನ್ಯ, ಮೊದಲೇ ಬರೆದಿದ್ದರೆ ಅದು ಏಳುವುದಿಲ್ಲ. ಅವರು ಬೇರೆಯವರಿಗೆ ಕೊಡದೆ ಇಟ್ಟುಕೊಳ್ಳಬೇಕೆಂದರೆ 500 ಅಥವಾ 1,000 ಮುಂಗಡ ಕೊಡುವುದು ನ್ಯಾಯ, ಆದರೆ ಸೋಫಾವನ್ನೂ ಮನೆಯನ್ನೂ ಕಣ್ಣಾರೆ ನೋಡಿದ ಮೇಲೆ ಮಾತ್ರ. ನೋಡುವ ಮುಂಚೆಯೇ "ಅಡ್ವಾನ್ಸ್ ಹಾಕಿ, ಗಾಡಿಯಲ್ಲಿ ಕಳಿಸುತ್ತೇವೆ" ಎನ್ನುವವರಿಂದ ದೂರವಿರಿ. ಮುಂಗಡ ವಾಪಸ್ ಕೊಡುತ್ತೇವೆಂದು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಲು ಹೇಳಿದರೂ ಅದು ಮೋಸವೇ. ಯುಪಿಐ ಪಿನ್ ಒತ್ತಿದರೆ ನಿಮ್ಮ ಖಾತೆಯಿಂದ ಹಣ ಹೋಗುತ್ತದೆ, ಬರುವ ಹಣಕ್ಕೆ ಪಿನ್ ಬೇಕಾಗಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಯ್ಯಲು ಹೋದ ದಿನ ಗಾಡಿಗೆ ಏರಿಸುವ ಮುಂಚೆ ಮತ್ತೊಮ್ಮೆ ಆ ಮೂಲೆ ಎತ್ತಿ ನೋಡಿ, ಕುಶನ್ ಎಣಿಸಿ, ಆಮೇಲೆ ಹಣ ಕೊಡಿ. ಅಂದು ಹೊಸ ದೋಷವೇನೂ ಕಾಣದಿದ್ದರೆ "ಇನ್ನೈನೂರು ಬಿಡಿ" ಎಂದು ಬಾಗಿಲಲ್ಲಿ ನಿಂತು ಕೇಳುವುದು ಸಲ್ಲದು, ಮಾತಾಗಿದೆ. ನಿಜಕ್ಕೂ ಹೊಸದೊಂದು ಕಂಡರೆ, ಒಂದು ಕಾಲು ಸೀಳಿದೆ ಅಂತಿಟ್ಟುಕೊಳ್ಳಿ, ಅದನ್ನು ಅವರಿಗೆ ತೋರಿಸಿ ಆ ಕಾಲಿನ ಖರ್ಚಿಗಷ್ಟೇ ಮಾತಾಡಿ.